ಚಿಮಣಿ ಹೊಗೆ ಎಳೆಯುತ್ತಿಲ್ಲವೇ? ಮೊದಲು ಗಾಳಿಯ ದಾರಿ ನೋಡಿ

ಕೇಳುಗರೇ, ನಮಸ್ಕಾರ.

ಅಡುಗೆಮನೆಯ ಚಿಮಣಿ ಹೊಸದರಲ್ಲಿ ಹೊಗೆಯನ್ನು ಚೆನ್ನಾಗಿ ಎಳೆಯುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಸದ್ದು ಹಾಗೇ ಇರುತ್ತದೆ, ಹೊಗೆ ಮಾತ್ರ ಮನೆಯೊಳಗೇ ಸುತ್ತುತ್ತದೆ. ಮೋಟಾರ್ ಹೋಯ್ತು ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಬಹಳ ಸಲ ಮೋಟಾರ್ ಚೆನ್ನಾಗೇ ಇರುತ್ತದೆ. ಗಾಳಿ ಹೋಗುವ ದಾರಿ ಕಟ್ಟಿಕೊಂಡಿರುತ್ತದೆ. ಅದು ಕೆಳಗಿನ ಫಿಲ್ಟರಿನಲ್ಲೋ, ಮೇಲಿನ ಪೈಪಿನಲ್ಲೋ ಅನ್ನುವುದನ್ನು ಮನೆಯಲ್ಲೇ ಕಂಡುಹಿಡಿಯಬಹುದು.

ಒಂದು ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ. ಆವಿ ಏಳುತ್ತಿರುವಾಗಲೇ ಚಿಮಣಿ ಹಾಕಿ, ಆವಿ ಎತ್ತ ಹೋಗುತ್ತದೆ ನೋಡಿ. ಆಮೇಲೆ ಚಿಮಣಿ ನಿಲ್ಲಿಸಿ, ಫಿಲ್ಟರ್ ತೆಗೆದಿಟ್ಟು, ಅರ್ಧ ನಿಮಿಷ ಮಾತ್ರ ಮತ್ತೆ ಓಡಿಸಿ. ಕೈಯನ್ನು ಮಾತ್ರ ಫ್ಯಾನಿನ ಹತ್ತಿರ ಒಯ್ಯಬೇಡಿ. ಈಗ ಆವಿ ಸರ್ರನೆ ಮೇಲೆ ಹೋದರೆ ತೊಂದರೆ ಫಿಲ್ಟರಿನದು. ಏನೂ ಬದಲಾಗದಿದ್ದರೆ ಪೈಪಿನ ಕಡೆ ಗಮನ ಕೊಡಿ.

ಫಿಲ್ಟರಿನಲ್ಲಿ ಮುಖ್ಯವಾಗಿ ಎರಡು ಬಗೆ. ಮೆಶ್ ಅಂದರೆ ಒಂದರ ಮೇಲೊಂದು ಜೋಡಿಸಿದ ತೆಳು ಅಲ್ಯೂಮಿನಿಯಂ ಜಾಲರಿ. ಗಾಳಿ ಅದರ ಸಣ್ಣ ತೂತುಗಳ ಮೂಲಕವೇ ಹೋಗಬೇಕು. ಎಣ್ಣೆ ಅಂಟುವುದೂ ಅಲ್ಲಿಯೇ. ಹಾಗಾಗಿ ಅದು ಎಷ್ಟು ಚೆನ್ನಾಗಿ ಎಣ್ಣೆ ಹಿಡಿಯುತ್ತದೋ ಅಷ್ಟು ಬೇಗ ತಾನೇ ಮುಚ್ಚಿಕೊಳ್ಳುತ್ತದೆ. ಬ್ಯಾಫಲ್ ಹಾಗಲ್ಲ. ಅದರಲ್ಲಿ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವೆ. ಗಾಳಿ ಅವುಗಳ ನಡುವೆ ಥಟ್ಟನೆ ತಿರುಗುತ್ತದೆ. ಎಣ್ಣೆಯ ಹನಿ ಭಾರ, ಅಷ್ಟು ಬೇಗ ತಿರುಗಲಾರದೆ ಪಟ್ಟಿಗೆ ಬಡಿದು ಕೆಳಗೆ ಇಳಿಯುತ್ತದೆ. ಗಾಳಿಯ ಸಂದು ತೆರೆದೇ ಉಳಿಯುತ್ತದೆ. ಕರಿಯುವುದು, ಹುರಿಯುವುದು ಜಾಸ್ತಿ ಇರುವ ಮನೆಗೆ ಬ್ಯಾಫಲ್ಲೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅಂಥ ಮನೆಯಲ್ಲಿ ಮೆಶ್ ಇದ್ದರೆ ವಾರ, ಹತ್ತು ದಿನಕ್ಕೊಮ್ಮೆ ತೊಳೆಯಬೇಕಾಗುತ್ತದೆ. ಬ್ಯಾಫಲ್ ಸಾಮಾನ್ಯವಾಗಿ ತಿಂಗಳವರೆಗೆ ತಾಳುತ್ತದೆ.

ತೊಳೆಯುವಾಗ ಮೊದಲು ಪ್ಲಗ್ ತೆಗೆಯಿರಿ. ಫಿಲ್ಟರ್ ಮುಳುಗುವಷ್ಟು ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಅರ್ಧ ಗಂಟೆ ನೆನೆಸಿಡಿ. ಎಣ್ಣೆ ಮೆತ್ತಗಾದ ಮೇಲೆ ಮೃದುವಾದ ಬ್ರಷ್‌ನಿಂದ ಉಜ್ಜಿ. ಕಾಸ್ಟಿಕ್ ಸೋಡಾ ಇರುವ ಪುಡಿ, ದ್ರಾವಣ ಯಾವುದನ್ನೂ ಅಲ್ಯೂಮಿನಿಯಂ ಜಾಲರಿಗೆ ಹಾಕಲೇಬೇಡಿ, ಲೋಹವನ್ನೇ ತಿಂದುಹಾಕುತ್ತದೆ. ತೊಳೆದಾದ ಮೇಲೆ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಒಣಗಿ ಗಟ್ಟಿಯಾದ ಎಣ್ಣೆ ಒಳಪದರದಲ್ಲಿ ಉಳಿದಿದ್ದರೆ ಅಲ್ಲಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಎರಡು ಸಲ ನೆನೆಸಿದರೂ ಅದು ಹೋಗದಿದ್ದರೆ ಹೊಸ ಜಾಲರಿ ತರುವುದೇ ಮೇಲು. ಪೂರ್ತಿ ಒಣಗಿದ ಮೇಲಷ್ಟೇ ವಾಪಸ್ ಹಾಕಿ.

ಈಗ ಪೈಪಿನ ವಿಷಯ. ಒಂದು ಅಡುಗೆಮನೆ ಊಹಿಸಿಕೊಳ್ಳಿ. ಚಿಮಣಿಯ ಬಾಯಿ 6 ಇಂಚು. ಗೋಡೆಯಲ್ಲಿ ಮೊದಲೇ 4 ಇಂಚಿನ ತೂತು ಇತ್ತು ಅಂತ ಅಲ್ಲಿಂದ ಕಿರಿದು ಮಾಡಿ, 4 ಇಂಚಿನ ಪೈಪನ್ನೇ ಎಳೆದಿದ್ದಾರೆ. ನೋಡಲು ಎರಡೇ ಇಂಚು ಕಡಿಮೆ, ಅಲ್ವಾ? ಆದರೆ ಗಾಳಿಗೆ ಸಿಗುವ ಜಾಗ ಅರ್ಧಕ್ಕಿಂತ ಕಡಿಮೆಯಾಯಿತು. ಅಷ್ಟೇ ಗಾಳಿ ಹೋಗಬೇಕಾದರೆ ಎರಡೂಕಾಲು ಪಟ್ಟು ವೇಗ ಬೇಕು. ಉದ್ದ ಅಷ್ಟೇ ಇದ್ದರೂ ತಡೆ ಏಳು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಫ್ಯಾನಿಗೆ ಅಷ್ಟು ಬಲ ಇರುವುದಿಲ್ಲ, ಹಾಗಾಗಿ ಗಾಳಿಯೇ ಕಡಿಮೆಯಾಗುತ್ತದೆ. ಪೈಪಿನ ಉದ್ದ ಇಮ್ಮಡಿಯಾದರೆ ತಡೆಯೂ ಇಮ್ಮಡಿ. ಮೂಲೆಯ ಹಾಗೆ 90 ಡಿಗ್ರಿ ತಿರುಗುವ ಒಂದೊಂದು ತಿರುವೂ ಹಲವಾರು ಅಡಿ ಪೈಪು ಸೇರಿಸಿದ ಹಾಗೆ ಲೆಕ್ಕ. ಸುಕ್ಕು ಸುಕ್ಕಾದ ಅಲ್ಯೂಮಿನಿಯಂ ಪೈಪನ್ನು ಪೂರ್ತಿ ಎಳೆಯದೆ, ಉಳಿದಷ್ಟು ಮಡಚಿ ಸೀಲಿಂಗಿನೊಳಗೆ ತುರುಕಿದ್ದರೆ ಇನ್ನೂ ಕಷ್ಟ.

ಹೀಗೆ ಹಾಕಿದ ಪೈಪು ಮೊದಲ ದಿನದಿಂದಲೂ ಫ್ಯಾನಿನ ಬಲದ ದೊಡ್ಡ ಪಾಲನ್ನು ತಿನ್ನುತ್ತಿರುತ್ತದೆ. ಹೊಸ ಫಿಲ್ಟರಿದ್ದಾಗ ಅದು ಗೊತ್ತಾಗುವುದಿಲ್ಲ. ಜಾಲರಿ ಅರ್ಧ ಮುಚ್ಚಿದೊಡನೆ ಎಳೆತ ಬಿದ್ದುಹೋಗುತ್ತದೆ. ಜಾಲರಿ ತೊಳೆದರೂ ಪೂರ್ತಿ ಸರಿಯಾಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ತಿರುವುಗಳಲ್ಲೂ ಜಿಡ್ಡು ಕೂತಿರುತ್ತದೆ.

ಪೈಪು ಬಿಚ್ಚುವ ಮುನ್ನ ಹೊರಗೋಡೆಯ ತುದಿ ನೋಡಿ. ಅಲ್ಲಿ ಗಾಳಿಗೆ ತೆರೆದುಕೊಳ್ಳುವ ಮುಚ್ಚಳ ಜಿಡ್ಡಿಗೆ ಅಂಟಿಕೊಂಡಿರಬಹುದು, ಹಕ್ಕಿ ಗೂಡು ಕಟ್ಟಿರಬಹುದು. ಅಲ್ಲಿ ಎಲ್ಲ ಸರಿಯಿದ್ದೂ ಗಾಳಿ ಸಣ್ಣಗೆ ಬರುತ್ತಿದ್ದರೆ, ಮೆಕ್ಯಾನಿಕ್ ಬಂದಾಗ ಚಿಮಣಿಯ ಮೇಲ್ಭಾಗದಲ್ಲೇ ಪೈಪನ್ನು ಬಿಡಿಸಿ ಓಡಿಸಲು ಹೇಳಿ. ಅಲ್ಲಿ ಗಾಳಿ ಜೋರಾಗಿ ಬಂದರೆ ಮೋಟಾರಿಗೆ ದುಡ್ಡು ಹಾಕುವ ಅಗತ್ಯವಿಲ್ಲ. 6 ಇಂಚಿನ ನುಣುಪಾದ ಪೈಪನ್ನು, ಆದಷ್ಟು ಕಡಿಮೆ ತಿರುವಿನಲ್ಲಿ, ಹತ್ತಿರದ ಹೊರಗೋಡೆಗೆ ಹಾಕಿಸಿ. ಗೋಡೆಯ ತೂತನ್ನೂ ದೊಡ್ಡದು ಮಾಡಿಸಬೇಕು. ಬಿಡಿಸಿದ ಮೇಲೂ ಗಾಳಿ ಸೋತೇ ಬಂದರೆ, ಫ್ಯಾನಿನ ರೆಕ್ಕೆಗಳ ಮೇಲಿನ ಜಿಡ್ಡು ತೆಗೆಸಿ. ಮೋಟಾರ್ ಬದಲಾಯಿಸುವ ಮಾತು ಅದಾದ ಮೇಲೆ.

ನಮಸ್ಕಾರ.