ಕಷಾಯ ಎಷ್ಟು ದಿನ ಕುಡಿಯಬೇಕು?

ಎಲ್ಲರಿಗೂ ನಮಸ್ಕಾರ.

ಒಂದು ಲೋಟ ಅರಿಶಿನದ ಹಾಲಿನಿಂದಲೇ ಮಾತು ಶುರುಮಾಡುತ್ತೇನೆ. ಅರ್ಧ ಚಮಚ ಅರಿಶಿನಪುಡಿ ಸುಮಾರು ಒಂದೂವರೆ ಗ್ರಾಂ ತೂಗುತ್ತದೆ. ಅದರಲ್ಲಿ ಎಲ್ಲರೂ ಹೊಗಳುವ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲು ಎಂದಿಟ್ಟುಕೊಂಡರೆ ಸಿಗುವುದು 45 ಮಿಲಿಗ್ರಾಂ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೊಟ್ಟದ್ದು 2 ಗ್ರಾಂ, ಅಂದರೆ ಇಂಥ ನಲವತ್ತಕ್ಕೂ ಹೆಚ್ಚು ಲೋಟಗಳ ಸಾರ. ಅಷ್ಟು ಕೊಟ್ಟರೂ ರಕ್ತದಲ್ಲಿ ಅದು ಕಾಣಿಸಿಕೊಂಡದ್ದು ಅತ್ಯಲ್ಪ. ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ ಸೇರಿಸಿದಾಗ ಮಾತ್ರ ಹಲವು ಪಟ್ಟು ಏರಿತು.

ಹಾಗಾದರೆ ಹಾಲಿಗೆ ಮೆಣಸು ಹಾಕುವ ನಮ್ಮ ಅಜ್ಜಿಯಂದಿರ ಪದ್ಧತಿ ಸರಿಯೇ? ರುಚಿಗೆ, ಗಂಟಲಿನ ಹಿತಕ್ಕೆ ಖಂಡಿತ ಸರಿ. ಬಿಸಿ ಪಾನೀಯ ಕಟ್ಟಿದ ಮೂಗಿಗೂ ಕೆರೆಯುವ ಗಂಟಲಿಗೂ ಆರಾಮ ಕೊಡುತ್ತದೆ. ತುಳಸಿ, ಶುಂಠಿ ಹಾಕಿದ ಕಷಾಯಕ್ಕೂ ಇದೇ ಮಾತು. ಆದರೆ ನೆಗಡಿಯ ವೈರಸ್ಸನ್ನು ಇವು ಕೊಲ್ಲುತ್ತವೆ ಎನ್ನಲು ಆಧಾರವಿಲ್ಲ. ನೆಗಡಿ ವಾರ, ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ.

ಎರಡು ದಿನ ಕುಡಿದು ಬಿಡುವ ಮನೆಯ ಕಷಾಯದ ಬಗ್ಗೆ ನನಗೆ ಆತಂಕವಿಲ್ಲ. ರೋಗವೇ ಇಲ್ಲದೆ, 'ನಿರೋಧಕ ಶಕ್ತಿ'ಗೆಂದು ತಿಂಗಳುಗಟ್ಟಲೆ ಕುಡಿಯುವುದು ನನ್ನನ್ನು ಕಾಡುತ್ತದೆ. ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಅಮೃತಬಳ್ಳಿಯ ಕಡ್ಡಿ ಕುದಿಯುತ್ತಿತ್ತು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಉರಿಯೂತ ಕಂಡರು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬಿದ್ದಾಗ ಕಾಣುವಂಥ ಉರಿಯೂತ ಅದು. ಆಯುಷ್ ಸಚಿವಾಲಯ ಇದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಬೇರೊಂದು ಬಳ್ಳಿ ಬಳಕೆಯಾಗಿರಬಹುದು ಎಂದಿತು. ಬಳಿಕ ದೇಶದ ಹಲವು ಆಸ್ಪತ್ರೆಗಳಿಂದಲೂ ಇಂಥ ಪ್ರಕರಣಗಳು ವರದಿಯಾದವು. ಕುಡಿದವರಲ್ಲಿ ಬಹುಪಾಲು ಮಂದಿಗೆ ಏನೂ ಆಗದಿರಬಹುದು. ಆದರೆ ಯಾರ ದೇಹ ಹೀಗೆ ಪ್ರತಿಕ್ರಿಯಿಸುತ್ತದೆ ಎಂದು ಮೊದಲೇ ಹೇಳಲಾಗದು. ಯಕೃತ್ತಿನ ತೊಂದರೆ ಅಥವಾ ದೇಹ ತನ್ನನ್ನೇ ಹಾನಿಮಾಡಿಕೊಳ್ಳುವ ಥೈರಾಯ್ಡ್‌ನಂಥ ಕಾಯಿಲೆ ಇರುವವರು ಅಮೃತಬಳ್ಳಿಯಿಂದ ದೂರ ಇರುವುದೇ ಲೇಸು.

ಕಷಾಯ ಕುಡಿಯುವಾಗ ಹಸಿವು ಸತ್ತು, ವಾಕರಿಕೆ ಬಂದು, ಮೂತ್ರ ಕಡುಹಳದಿಯಾಗಿ ಕಣ್ಣಿನ ಬಿಳಿ ಭಾಗ ಹಳದಿಗೆ ತಿರುಗಿದರೆ ಅಂದೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಕುಡಿದ ಎಲ್ಲವನ್ನೂ ಹೆಸರು ಹಿಡಿದು ಹೇಳಿ. 'ಅದು ಔಷಧವಲ್ಲ, ಮನೆಮದ್ದು' ಎಂದು ಮುಚ್ಚಿಟ್ಟರೆ ವೈದ್ಯರು ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ.

ರಕ್ತದೊತ್ತಡ ಇರುವವರು ಕಷಾಯದ ಪುಡಿಯಲ್ಲಿ ಜ್ಯೇಷ್ಠಮಧು ಇದೆಯೇ ನೋಡಿಕೊಳ್ಳಿ. ಹೆಚ್ಚು ದಿನ ಸೇವಿಸಿದರೆ ಅದು ಒತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು ಅರಿಶಿನದ ಕ್ಯಾಪ್ಸೂಲಿಗೆ ವೈದ್ಯರನ್ನು ಕೇಳದೆ ಕೈಹಾಕಬಾರದು. ವರ್ಷ ತುಂಬದ ಕೂಸಿಗೆ ತುಳಸಿ ರಸದ ಜೊತೆ ಜೇನುತುಪ್ಪ ನೆಕ್ಕಿಸಲೇಬೇಡಿ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ, ಮಗು ನಿತ್ರಾಣವಾಗಿ ಉಸಿರಾಡಲೂ ಕಷ್ಟಪಡುತ್ತದೆ.