ಒಂದೇ ಹಾಳೆ, 5/8 ಮತ್ತು 2/3

ಎಲ್ಲರಿಗೂ ನಮಸ್ಕಾರ. ನಿಮ್ಮ ಕೈಯಲ್ಲಿರುವ ಹಾಳೆ ನಿಮಗೆ ಹೊಸದಲ್ಲ. ಹನ್ನೆರಡು ಲೆಕ್ಕ, ಪ್ರತಿಯೊಂದರಲ್ಲೂ ಎರಡು ಭಿನ್ನರಾಶಿ, ನಡುವೆ ಒಂದು ಖಾಲಿ ಚೌಕ. ದೊಡ್ಡದು ಯಾವುದೆಂದು ನೋಡಿ ಚಿಹ್ನೆ ಹಾಕಬೇಕು. ತರಗತಿಯಲ್ಲಿ ಒಬ್ಬಳಿಗೆ ಡಿಸ್ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆಗಳನ್ನು ಗ್ರಹಿಸುವುದರಲ್ಲೇ ತೊಡಕು, ಇದೆ, ಅರ್ಧ ಗಂಟೆಯಾದರೂ ಎರಡನೇ ಲೆಕ್ಕದಲ್ಲೇ ಇದ್ದಾಳೆ. ಇನ್ನೊಬ್ಬ ಏಳು ನಿಮಿಷಕ್ಕೆ ಮುಗಿಸಿ ಪಕ್ಕದವನ ಪೆನ್ಸಿಲ್ ಬಾಕ್ಸ್ ಬಿಚ್ಚುತ್ತಿದ್ದಾನೆ. ನಾವು ಸಾಮಾನ್ಯವಾಗಿ ಮಾಡುವುದೇನು? ಅವಳಿಗೆ ಕೆಳಗಿನ ತರಗತಿಯ ಕೂಡುವ ಲೆಕ್ಕ, ಅವನಿಗೆ ಇದೇ ಥರದ ಇನ್ನೂ ಇಪ್ಪತ್ತು. ಬೇಗ ಮುಗಿಸಿದ್ದಕ್ಕೆ ದಂಡ ಹಾಕಿದ ಹಾಗೆ! ಅವನೇನು ದಡ್ಡನೇ, ಮುಂದಿನ ಸಲ ನಿಧಾನಕ್ಕೆ ಮಾಡುತ್ತಾನೆ.

ನನ್ನ ವಾದ ಒಂದೇ. ಹಾಳೆಯ ಹನ್ನೆರಡನೇ ಲೆಕ್ಕ 5/8 ಮತ್ತು 2/3. ಅವಳ ಹಾಳೆ, ಅವನ ಹಾಳೆ, ಉಳಿದವರ ಹಾಳೆ, ಮೂರರಲ್ಲೂ ಇದು ಇರಲೇಬೇಕು. ಅಲ್ಲಿಗೆ ಹೋಗುವ ದಾರಿಯನ್ನು ಎಷ್ಟು ಬೇಕಾದರೂ ಬದಲಿಸಿ, ಆ ಲೆಕ್ಕವನ್ನು ಮಾತ್ರ ತೆಗೆಯಬೇಡಿ.

ಮೊದಲು ಹುಡುಗಿಯ ಹಾಳೆ. ಅವಳು 3/4ಕ್ಕಿಂತ 3/8 ದೊಡ್ಡದು ಎನ್ನುತ್ತಾಳೆ, ಎಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ. ಈ ತಪ್ಪು ಎಲ್ಲ ಮಕ್ಕಳೂ ಮಾಡುತ್ತಾರೆ, ಒಪ್ಪುತ್ತೇನೆ. ಆಗ ನಾವು ಹೇಳಿಕೊಡುವುದು ಒಂದು ಸೂತ್ರ: ಛೇದ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು. ಅವಳು ಶ್ರದ್ಧೆಯಿಂದ ಅದನ್ನೇ ಹಿಡಿದುಕೊಳ್ಳುತ್ತಾಳೆ. ಮುಂದಿನ ಲೆಕ್ಕ 5/6 ಮತ್ತು 1/2. ಆರು ಎರಡಕ್ಕಿಂತ ದೊಡ್ಡದು, ಆದ್ದರಿಂದ 5/6 ಚಿಕ್ಕದು! ನಾವೇ ಕೊಟ್ಟ ಸೂತ್ರಕ್ಕೆ ನಾವೇ ಕೆಂಪು ಗೆರೆ ಎಳೆಯುತ್ತೇವೆ. ಅಂಶ ಒಂದೇ ಇದ್ದಾಗ ಮಾತ್ರ ಅದು ನಿಜ ಎನ್ನುವ ಷರತ್ತನ್ನು ಹೇಳಲು ಮರೆತವರು ಯಾರು? ಬೇರೆ ಮಕ್ಕಳು 5/6 ಎಂದ ಕೂಡಲೇ ‘ಅರೆ, ಇದು ಹೆಚ್ಚುಕಡಿಮೆ ಒಂದು’ ಎಂದು ಅಂದಾಜು ಮಾಡಿ ಸೂತ್ರವನ್ನು ಅನುಮಾನಿಸುತ್ತಾರೆ. ಇವಳಿಗೆ ಕಷ್ಟವಿರುವುದೇ ಆ ಅಂದಾಜಿನಲ್ಲಿ. ಸಂಖ್ಯೆ ಕಂಡರೆ ಅದರ ಗಾತ್ರ ತಾನಾಗಿ ಮನಸ್ಸಿಗೆ ಬರುವುದಿಲ್ಲ. ಹಾಗಾಗಿ ಅವಳಿಗೆ ಕೊಡಬೇಕಾದ್ದು ಇನ್ನೊಂದು ಸೂತ್ರವಲ್ಲ, ಗಾತ್ರ.

ಗಾತ್ರ ಕೊಡುವುದು ಹೇಗೆ? ವೃತ್ತ ಬೇಡ. ವೃತ್ತವನ್ನು ಮೂರು ಸಮಭಾಗ ಮಾಡುವುದು ನಮಗೇ ಕಷ್ಟ, 5/8ರ ವೃತ್ತ ಮತ್ತು 2/3ರ ವೃತ್ತ ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾಗದದ ಪಟ್ಟಿ ಮಾಡಿ. ಉದ್ದ 24 ಸೆಂಟಿಮೀಟರ್, ಅಗಲ 2. ಎ4 ಹಾಳೆಯ ಉದ್ದಕ್ಕೆ ಸರಿಯಾಗಿ ಸಿಗುತ್ತದೆ. ಇಪ್ಪತ್ನಾಲ್ಕೇ ಯಾಕೆಂದರೆ ಅದು 2, 3, 4, 6, 8 ಎಲ್ಲದರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಅರ್ಧದ ಗೆರೆ 12ಕ್ಕೆ, ಮೂರರ ಗೆರೆಗಳು 8 ಮತ್ತು 16ಕ್ಕೆ, ಎಂಟರ ಗೆರೆಗಳು ಮೂರು ಮೂರು ಸೆಂಟಿಮೀಟರಿಗೆ. ಹೀಗೆ ಐದು ಪಟ್ಟಿ. ಗೆರೆಗಳನ್ನು ನೀವೇ ಎಳೆದು ಕೊಡಿ. 24ನ್ನು 8ರಿಂದ ಭಾಗಿಸು ಎಂದು ಅವಳಿಗೆ ಹೇಳಿದರೆ ಅವಧಿ ಅಲ್ಲೇ ಮುಗಿಯಿತು. ಸೆಂಟಿಮೀಟರಿನ ಅಂಕಿಗಳನ್ನೂ ಬರೆಯಬೇಡಿ. ಬರೆದರೆ 15 ಮತ್ತು 16 ಓದಿ ಪೂರ್ಣ ಸಂಖ್ಯೆಗಳನ್ನು ಹೋಲಿಸುತ್ತಾಳೆ, ಭಿನ್ನರಾಶಿಯ ತಂಟೆಗೇ ಹೋಗುವುದಿಲ್ಲ.

ಐದು ಮತ್ತು ಏಳು ಛೇದವಿರುವ ಲೆಕ್ಕಗಳು ಈ ಪಟ್ಟಿಗೆ ಹೊಂದುವುದಿಲ್ಲ, ಅವಳ ಹಾಳೆಯಿಂದ ತೆಗೆದುಬಿಡಿ. ಐದಕ್ಕಾಗಿ 20 ಸೆಂಟಿಮೀಟರಿನ ಪಟ್ಟಿ ಮಾಡಿ ಇದರ ಪಕ್ಕದಲ್ಲಿಟ್ಟೀರಿ, ಜೋಕೆ. ‘ಒಂದು’ ಎನ್ನುವುದೇ ಎರಡು ಉದ್ದದ್ದಾದರೆ ಹೋಲಿಕೆ ಎಲ್ಲಿ ಬಂತು?

ಅವಳ ಹಾಳೆಯಲ್ಲಿ ಐದೇ ಲೆಕ್ಕ: 1/4 ಮತ್ತು 1/3, 3/8 ಮತ್ತು 3/4, 5/6 ಮತ್ತು 1/2, 2/3 ಮತ್ತು 4/6, ಕೊನೆಗೆ ನಮ್ಮ 5/8 ಮತ್ತು 2/3. ಭಿನ್ನರಾಶಿಯನ್ನು ಓರೆಗೆರೆ ಹಾಕಿ ಬರೆಯದೆ ಮೇಲೆ ಕೆಳಗೆ, ನಡುವೆ ಅಡ್ಡಗೆರೆ ಎಳೆದು ದೊಡ್ಡದಾಗಿ ಬರೆಯಿರಿ. ಚಿಹ್ನೆ ಹಾಕಿಸಬೇಡಿ, ದೊಡ್ಡದಕ್ಕೆ ಸುತ್ತು ಹಾಕಿದರೆ ಸಾಕು. ಆ ಚಿಹ್ನೆಯ ಬಾಯಿ ಯಾವ ಕಡೆಗೆ ಎನ್ನುವುದು ಬೇರೆಯೇ ಪಾಠ, ಇವತ್ತಿನದಲ್ಲ. ಪ್ರತಿ ಲೆಕ್ಕಕ್ಕೂ ಕೆಲಸ ಮೂರು. ಪಟ್ಟಿ ಮುಟ್ಟುವ ಮೊದಲು, ಇದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಊಹಿಸಬೇಕು. ಆಮೇಲೆ ಎರಡು ಪಟ್ಟಿಗಳ ಎಡತುದಿ ಕೂಡಿಸಿ ಭಾಗಗಳನ್ನು ಎಣಿಸಬೇಕು. ಆಮೇಲೆ ಸುತ್ತು. ಊಹೆಯನ್ನು ಬಿಟ್ಟರೆ ಪಟ್ಟಿ ಊರುಗೋಲಾಗಿ ಉಳಿಯುತ್ತದೆ. ಊಹೆಗಳು ಸರಿಯಾಗುತ್ತ ಬಂದಾಗ ಒಂದೊಂದೇ ಪಟ್ಟಿಯನ್ನು ತೆಗೆಯಬಹುದು.

ಎಡವುವುದು ಎಣಿಸುವಾಗ. ಅವಳು ಭಾಗಗಳನ್ನು ಬಿಟ್ಟು ಗೆರೆಗಳನ್ನು ಎಣಿಸುತ್ತಾಳೆ, ಪಟ್ಟಿಯ ಎಡ ಅಂಚನ್ನೇ ಒಂದು ಎಂದು ಹಿಡಿಯುತ್ತಾಳೆ. 5/8 ಎಂದು ಅವಳ ಬೆರಳು ನಿಂತಿರುವುದು 4/8ರ ಮೇಲೆ. ಉತ್ತರ ಪ್ರತಿ ಸಲವೂ ಒಂದು ಭಾಗ ಹಿಂದೆ ಬೀಳುತ್ತಿದ್ದರೆ ಕಾರಣ ಇದೇ. ಮೋಸವೆಂದರೆ ಐದು ಲೆಕ್ಕದಲ್ಲಿ ನಾಲ್ಕಕ್ಕೆ ಹೀಗೆ ಎಣಿಸಿದರೂ ಸುತ್ತು ಸರಿಯಾದದ್ದಕ್ಕೇ ಬೀಳುತ್ತದೆ! ಒಂದರಲ್ಲಂತೂ, 1/4 ಮತ್ತು 1/3ರಲ್ಲಿ, ಎರಡೂ ಸೊನ್ನೆಯಾಗಿ ಸಿಕ್ಕಿಬೀಳುತ್ತಾಳೆ. 5/8ರಲ್ಲಿ? ಗೆರೆ ಎಣಿಸಿದರೆ ಅದು ಅರ್ಧಕ್ಕೆ, 2/3 ಎಂಟು ಸೆಂಟಿಮೀಟರಿಗೆ, ಸುತ್ತು ಬೀಳುವುದು 5/8ಕ್ಕೆ. ಅಲ್ಲಿಗೆ... ನಾಲ್ಕಲ್ಲ, ತಿದ್ದಿಕೊಳ್ಳುತ್ತೇನೆ. 2/3, 4/6 ಕೂಡ ಸಮ ಬರುವುದಿಲ್ಲ. ತಪ್ಪಿಸಿಕೊಳ್ಳುವುದು ಎರಡರಲ್ಲಿ ಮಾತ್ರ. ನೋಡಿ, ಕೊನೆಯ ಲೆಕ್ಕ ತೆಗೆಯಬೇಡಿ ಎಂದದ್ದು ಇದಕ್ಕೇ. ಮದ್ದು ಸರಳ: ಭಾಗಗಳಿಗೆ ಒಂದು ಬಿಟ್ಟು ಒಂದು ಬಣ್ಣ ಹಾಕಿ, ಬೆರಳನ್ನು ಭಾಗದ ಈ ತುದಿಯಿಂದ ಆ ತುದಿಗೆ ಎಳೆದು ‘ಒಂದು’ ಎನ್ನಿಸಿ.

ಬಾಯಲ್ಲಿ ಹೇಳುವುದೂ ಮುಖ್ಯ. ‘ಎಂಟರಲ್ಲಿ ಐದು’ ಎಂದರೆ ಅವಳಿಗೆ ಎರಡು ಬೇರೆ ಬೇರೆ ಸಂಖ್ಯೆ ಕೇಳಿಸುತ್ತವೆ. ನಮ್ಮ ‘ಮುಕ್ಕಾಲು’ ನೋಡಿ, ಮೂರು ಕಾಲು. ಅಳತೆ ಯಾವುದು, ಅಂಥವು ಎಷ್ಟು, ಎರಡೂ ಒಂದೇ ಪದದಲ್ಲಿ. ಎಂಟನೇ ಒಂದಕ್ಕೆ ‘ಅರೆಕಾಲು’ ಇದೆ. ‘ಐದು ಅರೆಕಾಲು’ ಎನ್ನಿಸಿ, ಹಳೆಯ ಪದ ಎಂದು ಸಂಕೋಚ ಬೇಡ.

ಸಮಯ ಆಯಿತೆಂದು ಚೀಟಿ ಬಂದಿದೆ, ಹುಡುಗನಿಗೆ ಅನ್ಯಾಯವಾಗುತ್ತಿದೆ. ಅವನು ಏಳು ನಿಮಿಷಕ್ಕೆ ಮುಗಿಸಿದ್ದು ಓರೆ ಗುಣಾಕಾರದಿಂದ. ಐದು ಮೂರಲಿ ಹದಿನೈದು, ಎರಡು ಎಂಟಲಿ ಹದಿನಾರು, ಮುಗಿಯಿತು. ಹದಿನೈದು ಏನು ಎಂದು ಕೇಳಿ, ಬಹಳಷ್ಟು ಸಲ ಉತ್ತರ ಬರುವುದಿಲ್ಲ. ಹದಿನೈದು ಇಪ್ಪತ್ನಾಲ್ಕನೆಯ ಭಾಗಗಳು ಎಂದು ಅವನ ಬಾಯಿಂದ ಬರಬೇಕು. ಆಮೇಲೆ ಅದೇ ಲೆಕ್ಕದ ಬೆನ್ನಿಗೆ ಒಂದು ಪ್ರಶ್ನೆ: 5/8 ಮತ್ತು 2/3ರ ನಡುವೆ ಒಂದು ಭಿನ್ನರಾಶಿ ಹುಡುಕು. 15/24, 16/24, ನಡುವೆ ಏನೂ ಇಲ್ಲ ಎನ್ನುತ್ತಾನೆ. ಅಲ್ಲಿ ಸುಮ್ಮನಿರಿ, ಸುಳಿವು ಕೊಡಬೇಡಿ. ಛೇದವನ್ನು 48 ಮಾಡಿದರೆ 30 ಮತ್ತು 32, ನಡುವೆ 31/48.

ಇನ್ನೊಂದು ಪ್ರಶ್ನೆ ನನಗೆ ಅಚ್ಚುಮೆಚ್ಚು. ‘5/8 ಕೂಡಿಸು 2/3 ಎಂದಾಗ ಒಬ್ಬರು 7/11 ಬರೆದರು. ಮೊತ್ತವಾಗಿ ತಪ್ಪು. ಆದರೆ 7/11 ಎಲ್ಲಿದೆ?’ ಅದು ಎರಡರ ನಡುವೆಯೇ ಎಲ್ಲೋ ಇದೆ. ಯಾವಾಗಲೂ ಹೀಗೆಯೇ? ನಾಲ್ಕು ಜೋಡಿ ಪ್ರಯತ್ನಿಸಲಿ, 1/2 ಮತ್ತು 2/4ನ್ನೂ ಸೇರಿಸಲಿ, ಅಲ್ಲಿ 3/6 ಬಂದು ಮೂರೂ ಒಂದೇ ಆಗುತ್ತವೆ. ಕಾರಣ ಹುಡುಕಲು ಇಷ್ಟು ಹೇಳಿ: ಎಂಟು ಎಸೆತದಲ್ಲಿ ಐದು ಗುರಿ ಮುಟ್ಟಿದವು, ಆಮೇಲೆ ಮೂರರಲ್ಲಿ ಎರಡು. ಒಟ್ಟು ಹನ್ನೊಂದರಲ್ಲಿ ಏಳು. ಒಟ್ಟು ಸಾಧನೆ ಎರಡಕ್ಕಿಂತಲೂ ಮೇಲೆ ಹೋಗಲು ಸಾಧ್ಯವೇ?

ಅಂಕ ಕೊಡುವ ವಿಚಾರ, ಹಾಳೆಗೆ ‘ಸುಲಭ’, ‘ಕಠಿಣ’ ಎಂದು ಹೆಸರಿಡಬಾರದೆನ್ನುವ ವಿಚಾರ ಬರೆದುಕೊಂಡು ಬಂದಿದ್ದೆ, ಚಹಾ ಹೊತ್ತಿನಲ್ಲಿ ಸಿಕ್ಕರೆ ಹೇಳುತ್ತೇನೆ. ಅವಧಿಯ ಕೊನೆಯ ಐದು ನಿಮಿಷ ಮಾತ್ರ ಬಿಡಬೇಡಿ. ಅವಳು ಎರಡು ಪಟ್ಟಿ ಇಟ್ಟು ಒಂದು ಸೆಂಟಿಮೀಟರಿನ ಸಂದು ತೋರಿಸಲಿ. ಅವನು ಅಳತೆಪಟ್ಟಿ ತಂದು ಆ ಸಂದಿನೊಳಗೆ ತನ್ನ 7/11ಕ್ಕೆ ಚುಕ್ಕಿ ಇಡಲಿ. ಚುಕ್ಕಿ ಬೀಳಬೇಕಾದ್ದು ಅವಳ 5/8ರ ಗೆರೆ ದಾಟಿ ಮೂರು ಮಿಲಿಮೀಟರಿನ ಹತ್ತಿರ.