ಮುಂದಿನ ಚಕ್ರಕ್ಕೂ ಸ್ವಲ್ಪ ಹೊರಿಸ್ರಪ್ಪಾ

"ಹಿಂದೆ ಕ್ಯಾರಿಯರ್ ಇದೆಯಲ್ಲ ಗುರು, ಮುಂದೆ ಇನ್ನೆರಡು ಬ್ಯಾಗು ಯಾಕೆ, ಶೋಕಿಗಾ?" ಅಂತ ಹೋದ ವಿಡಿಯೋ ಕೆಳಗೆ ಒಬ್ಬರು ಕೇಳಿದಾರೆ. ಅದಕ್ಕೆ ಲೈಕ್ ಬೇರೆ! ಬನ್ನಿ, ಲೆಕ್ಕ ಹಾಕೋಣ.

ನೀವು 70 ಕೆ.ಜಿ., ಸೈಕಲ್ 15. ಸೀಟ್ ಮೇಲೆ ಕೂತಾಗಲೇ ಇದರಲ್ಲಿ ಸುಮಾರು 50 ಕೆ.ಜಿ. ಹಿಂದಿನ ಚಕ್ರದ ಪಾಲು. ಅದರ ಮೇಲೆ 18 ಕೆ.ಜಿ. ಲಗೇಜು ಹೇರ್ತೀರಿ. ಪೆಡಲ್ ತುಳಿಯುವಾಗ ಹಿಮ್ಮಡಿ ತಾಗುತ್ತೆ ಅಂತ ಬ್ಯಾಗನ್ನ ಇನ್ನೂ ಹಿಂದಕ್ಕೆ ಸರಿಸ್ತೀರಿ. ಭಾರ ಆಕ್ಸಲ್ ದಾಟಿ ಹಿಂದೆ ಹೋದ್ರೆ ಮುಂದಿನ ಚಕ್ರ ಹಗುರಾಗುತ್ತೆ. ಆಗುಂಬೆ ಘಾಟಿ ಹತ್ತುವಾಗ ಹ್ಯಾಂಡಲ್ ಅತ್ತಿತ್ತ ಅಲೆಯುತ್ತೆ, ಇಳಿಯುವಾಗ ಬಾಲ ಅಲ್ಲಾಡುತ್ತೆ. ಫ್ರೇಮೇ ನಡುಗಿದ್ರೆ ಮೊಣಕಾಲನ್ನ ಮೇಲಿನ ಪೈಪಿಗೆ ಒತ್ತಿ ಹಿಡಿದು ನಿಧಾನ ಮಾಡಿ. ಆಮೇಲೆ ನಿಲ್ಲಿಸಿ, ಮುಂದೆ ಹೊರಿಸಿ.

ಎಷ್ಟು? 7 ಮುಂದೆ, 11 ಹಿಂದೆ. ಬ್ಯಾಗಿನ ಮಧ್ಯಭಾಗ ಮುಂದಿನ ಹಬ್ಬಿನ ಮಟ್ಟಕ್ಕೆ ಬರೋ ಹಾಗೆ ತಗ್ಗಿನ ರ‍್ಯಾಕ್ ಹಾಕ್ಸಿ. ಎಡಕ್ಕೆ ಟೂಲು, ಸ್ಪೇರು, ಬಲಕ್ಕೆ ಸ್ಟೌ, ಅಕ್ಕಿ-ಬೇಳೆ. ಎರಡೂ ಮೂರೂವರೆ ಕೆ.ಜಿ. ಸುಮಾರು. ಲಗೇಜ್ ತೂಗೋ ಕೈತಕ್ಕಡಿಗೆ ನೇತುಹಾಕಿ ನೋಡಿ, ಅರ್ಧ ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಬೇಡ. ಅಕ್ಕಿ ಖಾಲಿಯಾಗ್ತಾ ಹೋಗುತ್ತೆ, ಸ್ಪ್ಯಾನರ್ ಆಗಲ್ಲ. ಎರಡು ದಿನಕ್ಕೊಮ್ಮೆ ಮತ್ತೆ ತೂಗಿ. ಟೆಂಟು, ಬಟ್ಟೆ ಹಿಂದೆ ಇರಲಿ.

ಸ್ಪೇರಲ್ಲಿ ಎರಡು ಟ್ಯೂಬು, ಪ್ಯಾಚು, ಚೈನ್ ಲಿಂಕು, ಗೇರ್ ಕೇಬಲ್ಲು, ಬ್ರೇಕ್ ಪ್ಯಾಡು, ರ‍್ಯಾಕಿಗೆ ನಾಲ್ಕು ಎಂ5 ಬೋಲ್ಟು. ಒಂದು ಟ್ಯೂಬು, ಲಿವರು, ಪಂಪು ಮಾತ್ರ ಬ್ಯಾಗಿನ ಬಾಯಲ್ಲೇ ಇರಬೇಕು. ಮಳೆಯಲ್ಲಿ ಪಂಕ್ಚರ್ ಆದಾಗ ಒಳಚಡ್ಡಿಯಿಂದ ಹಿಡಿದು ಎಲ್ಲಾ ರಸ್ತೆಗೆ ಹರವಿ ಕೂರೋದು ನೋಡೋಕಾಗಲ್ಲ ಸ್ವಾಮಿ.

ಸ್ಪೋಕ್ ಮರೀಬೇಡಿ. ಹಿಂದೆ ಹೇರಿದ್ದೆಲ್ಲ ಕೊನೆಗೆ ವಸೂಲಿ ಆಗೋದು ಅಲ್ಲೇ. ಮುರಿಯೋದು ಹೆಚ್ಚಾಗಿ ಹಿಂದಿನ ಚಕ್ರದ ಚೈನ್ ಕಡೆಯದು. ಆ ಕಡೆಯ ಅಳತೆ ಎಡಗಡೆಗಿಂತ ಸ್ವಲ್ಪ ಗಿಡ್ಡ, ಆದ್ದರಿಂದ ಅಳೆಸಿ ಮೂರು ತಗೊಂಡು ಫ್ರೇಮಿಗೆ ಟೇಪ್ ಸುತ್ತಿ. ಹಾಕೋಕೆ ಕ್ಯಾಸೆಟ್ ಬಿಚ್ಚಬೇಕು. ಬಿಚ್ಚೋ ಟೂಲ್ ಇಲ್ಲದೆ ಸ್ಪೋಕ್ ಹೊತ್ತವರಿಗೆ ದೊಡ್ಡ ನಮಸ್ಕಾರ. ಕ್ಯಾಸೆಟ್ ಬಿಚ್ಚದೇ ಹಾಕಬಹುದಾದ ದಾರದ ತುರ್ತು ಸ್ಪೋಕ್ ಬಗ್ಗೆ ಬೇರೆ ವಿಡಿಯೋ ಇದೆ, ನೋಡಿ, ಬೆಲ್ಲನ್ನೂ ಒತ್ತಿ.

"ಹ್ಯಾಂಡಲ್ ಭಾರ ಆಗುತ್ತೆ ಸರ್." ಆಗುತ್ತೆ! ತಿರುಗಿಸೋದು ನಿಧಾನ ಆಗುತ್ತೆ, ನೇರ ಹೋಗೋದು ಗಟ್ಟಿ ಆಗುತ್ತೆ. ನೀವು ಸರ್ಕಸ್ಸಿಗೆ ಹೊರಟಿದ್ದೀರಾ?

"ನಮ್ಮ ಕಾರ್ಬನ್ ಫೋರ್ಕಲ್ಲಿ ಬೋಲ್ಟ್ ತೂತಿಲ್ಲ." ಹಾಗಾದ್ರೆ ಕ್ಲ್ಯಾಂಪ್ ಬಿಗಿಯೋ ಸಾಹಸ ಬೇಡ, ಲಗೇಜು ಕಮ್ಮಿ ಮಾಡಿ. ಮೂರನೇ ಜೀನ್ಸ್ ಮನೇಲಿರಲಿ. ತೂತಿದ್ದವರು ಮಾತ್ರ ನೆಪ ಹೇಳ್ಬೇಡಿ: ಮುಂದೆ, ಮುಂದೆ, ಮುಂದೆ! ಒಪ್ಪಲ್ಲ ಅನ್ನೋರು ಕಮೆಂಟಲ್ಲಿ ಬೈರಿ, ಚಾನೆಲ್ಲಿಗೂ ಒಳ್ಳೇದು.